ಆ ಎರಡು ಗೆರೆ ನಮ್ಮ ಸುದ್ದಿಯ ಫೋಟೊದಲ್ಲೇ ಇದ್ದವು

ಫೋಟೊ ತೆಗೆದವರು ನಾವೇ. ಅಡಿಬರಹ ಬರೆದವರೂ ನಾವೇ. 'ಟೊಮೆಟೊ ಎಲೆ ರೋಗ ಪತ್ತೆಗೆ ವಿದ್ಯಾರ್ಥಿಗಳ ಆ್ಯಪ್, ಶೇ 98 ನಿಖರ' ಅಂತ ಜಿಲ್ಲಾ ಪುಟದಲ್ಲಿ ಮೂರು ಕಾಲಂ ಬಂದಿತ್ತು. ಫೋಟೊದಲ್ಲಿ ನಮ್ಮ ಕಡೆಯ ಕಾಲೇಜೊಂದರ ನಾಲ್ವರು ವಿದ್ಯಾರ್ಥಿಗಳು ನಿಂತಿದ್ದರು. ಅವರ ಹಿಂದೆ ಗೋಡೆಗೆ ಅಂಟಿಸಿದ ಪೋಸ್ಟರ್ ಇತ್ತು, ಪೋಸ್ಟರಿನಲ್ಲಿ ಒಂದು ಗ್ರಾಫ್. ನೀಲಿ ಗೆರೆ ಕೆಳಕ್ಕೆ ಇಳಿದು ನೆಲ ಮುಟ್ಟಿತ್ತು. ಕಿತ್ತಳೆ ಗೆರೆ ಅರ್ಧ ದಾರಿ ಅದರ ಜೊತೆಗೇ ಇಳಿದು, ಆಮೇಲೆ ತಿರುಗಿ ಮೇಲಕ್ಕೆ ಹೋಗಿತ್ತು. ನಮ್ಮ ಕಣ್ಣಿಗೆ ಅದು ಚೆಂದದ ಹಿನ್ನೆಲೆಯಾಗಿ ಕಂಡಿತ್ತು, ಅಷ್ಟೇ.

ಸುದ್ದಿ ಬಂದು ಮೂರು ವಾರವಾದ ಮೇಲೆ ಒಬ್ಬ ಹಿರಿಯ ರೈತರು ಫೋನ್ ಮಾಡಿದರು. ಕೋಲಾರದ ಕಡೆ ಟೊಮೆಟೊ ಅಂದರೆ ಗೊತ್ತಲ್ಲ, ಒಂದು ಬೆಳೆ ಕೈಹಿಡಿದರೆ ಮಗಳ ಮದುವೆ, ಕೈಬಿಟ್ಟರೆ ಸೊಸೈಟಿ ಸಾಲ. ಅವರು ಬೈಯಲಿಲ್ಲ, ಅದೇ ನಮಗೆ ಕಷ್ಟವಾಯಿತು. "ಏನಪ್ಪಾ, ನೀನ್ ಬರ್ದಿದ್ದು ಓದಿ ಆ ಆ್ಯಪ್ ಹಾಕ್ಕೊಂಡೆ. ಎಲೆ ಫೋಟೊ ಹೊಡೆದ್ರೆ ಅಂಗಮಾರಿ ಅಂತು, ನೂರಕ್ಕೆ ತೊಂಬತ್ತೊಂಬತ್ತು ಖಚಿತ ಅಂತ ಬೇರೆ ತೋರಿಸ್ತು. ಎರಡು ಸಲ ಔಷಧಿ ಹೊಡ್ದೆ. ಈಗ ಕೆವಿಕೆಯವರು ಬಂದು ನೋಡಿ, ಇದು ಅಂಗಮಾರಿ ಅಲ್ಲ, ಬ್ಯಾಕ್ಟೀರಿಯಾ ಚುಕ್ಕೆ ಅಂತಾರೆ" ಅಂದರು.

ಎರಡೂ ರೋಗದಲ್ಲಿ ಎಲೆ ಮೇಲೆ ಕಂದು ಚುಕ್ಕೆ ಬರುತ್ತದೆ. ಅಂಗಮಾರಿಯ ಚುಕ್ಕೆ ಬಲಿತಾಗ ಉಂಗುರದೊಳಗೆ ಉಂಗುರ ಕಾಣುತ್ತದೆ, ಅದು ಶಿಲೀಂಧ್ರದ ಕೆಲಸ. ಇನ್ನೊಂದರ ಚುಕ್ಕೆ ಚಿಕ್ಕದು, ಅದರಲ್ಲಿ ಉಂಗುರ ಇರುವುದಿಲ್ಲ. ಶಿಲೀಂಧ್ರಕ್ಕೆ ಮಾತ್ರ ಇರುವ ಔಷಧಿ ಬ್ಯಾಕ್ಟೀರಿಯಾವನ್ನು ಮುಟ್ಟುವುದಿಲ್ಲ. ಎರಡು ಸಲದ ಔಷಧಿ ದುಡ್ಡು, ಆಳಿನ ಕೂಲಿ, ಅದಕ್ಕಿಂತ ಹೆಚ್ಚಾಗಿ ಹತ್ತು ದಿನ ಹೋಗಿತ್ತು. ಆ ಹತ್ತು ದಿನದಲ್ಲಿ ಚುಕ್ಕೆ ಕಾಯಿಗೂ ಹತ್ತಿತ್ತು.

ಆ್ಯಪ್ ತಪ್ಪಿದ್ದು ಒಂದು ವಿಷಯ. ತಪ್ಪು ಹೇಳುವಾಗ ಅದಕ್ಕೆ ಶೇ 99ರಷ್ಟು ಧೈರ್ಯ ಎಲ್ಲಿಂದ ಬಂತು ಅನ್ನುವುದು ನಮ್ಮನ್ನು ಬಿಡದೆ ಕಾಡಿತು. ಉತ್ತರ ನಾವೇ ಛಾಪಿಸಿದ ಫೋಟೊದಲ್ಲಿತ್ತು.

ನಾವು ಪೇಪರ್ ತುಂಡು ಹಿಡಿದುಕೊಂಡು ಮತ್ತೆ ಕಾಲೇಜಿಗೆ ಹೋದೆವು. ಆ ನಾಲ್ವರಲ್ಲಿ ಪ್ರೋಗ್ರಾಂ ಬರೆದಿದ್ದ ಹುಡುಗಿ ಸಿಕ್ಕಳು. ವಿಷಯ ಕೇಳಿ ಅವಳ ಮುಖ ಸಣ್ಣದಾಯಿತು. ಆದರೂ ಲ್ಯಾಪ್‌ಟಾಪ್ ತೆಗೆದು ಮೊದಲಿನಿಂದ ಎಲ್ಲ ತೋರಿಸಿದಳು. ಅವಳು ಎರಡು ಮಧ್ಯಾಹ್ನ ಕೂತು ನಮಗೆ ಅರ್ಥ ಮಾಡಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಅವರ ಹತ್ತಿರ ಐದು ತೋಟದ 600 ಫೋಟೊ ಇದ್ದವು. ಅಂಗಮಾರಿ, ಬ್ಯಾಕ್ಟೀರಿಯಾ ಚುಕ್ಕೆ, ಎಲೆ ಮುದುರು, ಆರೋಗ್ಯದ ಎಲೆ ಅಂತ ನಾಲ್ಕು ಗುಂಪು. 480 ಫೋಟೊ ಯಂತ್ರಕ್ಕೆ ಕಲಿಯಲು ಕೊಟ್ಟರು, ಅದು ಟ್ರೈನಿಂಗ್. ಉಳಿದ 120 ಬಚ್ಚಿಟ್ಟರು, ಅದು ವ್ಯಾಲಿಡೇಶನ್. ಯಂತ್ರ 480 ಫೋಟೊಗಳನ್ನೂ ಒಮ್ಮೆ ನೋಡಿ ಮುಗಿಸಿದರೆ ಒಂದು ಸುತ್ತು. ಪ್ರತಿ ಸುತ್ತು ಮುಗಿದಾಗಲೂ ಬಚ್ಚಿಟ್ಟ 120ನ್ನು ತೋರಿಸಿ ಕೇಳುತ್ತಾರೆ, ಆದರೆ ಸರಿ ಉತ್ತರ ಯಾವುದೆಂದು ಹೇಳಿಕೊಡುವುದಿಲ್ಲ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪೂರ್ವಸಿದ್ಧತಾ ಪರೀಕ್ಷೆ ಇಟ್ಟ ಹಾಗೆ. ಪಾಠ ಮಾಡಿದ ಲೆಕ್ಕಗಳನ್ನೇ ಕೇಳಿದರೆ ಗೈಡ್ ಉರು ಹೊಡೆದವನೂ ಪಾಸಾಗುತ್ತಾನೆ, ಹೊಸ ಲೆಕ್ಕ ಕೊಟ್ಟಾಗಲೇ ಬಂಡವಾಳ ಗೊತ್ತಾಗುವುದು.

ಗ್ರಾಫಿನಲ್ಲಿ ಎಡದಿಂದ ಬಲಕ್ಕೆ ಹೋಗುವುದು ಸುತ್ತುಗಳ ಲೆಕ್ಕ. ಕೆಳಗಿಂದ ಮೇಲಕ್ಕೆ ಇರುವುದು ಲಾಸ್. ನಾವು ಮೊದಲು ಲಾಸ್ ಅಂದರೆ ಎಷ್ಟು ಉತ್ತರ ತಪ್ಪು ಅನ್ನುವ ಎಣಿಕೆ ಅಂದುಕೊಂಡಿದ್ದೆವು. ಅದು ಹಾಗಲ್ಲ, ಇಡೀ ವಿಷಯದ ಕೀಲಿ ಇರುವುದೇ ಇಲ್ಲಿ.

ಹುಡುಗಿ ಅದನ್ನು ಹೀಗೆ ಹೇಳಿದಳು. "ಸರ್, ಒಂದೊಂದು ಫೋಟೊಗೂ ಯಂತ್ರದ ಕೈಗೆ ಒಂದು ರೂಪಾಯಿ ಕೊಡ್ತೀವಿ ಅಂದ್ಕೊಳ್ಳಿ. ಮುಂದೆ ನಾಲ್ಕು ಡಬ್ಬಿ, ಒಂದೊಂದು ರೋಗಕ್ಕೆ ಒಂದು. ತನಗೆ ನಂಬಿಕೆ ಇದ್ದ ಹಾಗೆ ಅದು ರೂಪಾಯಿನ ಹಂಚಬೇಕು. ಸರಿಯಾದ ಡಬ್ಬಿಗೆ ಎಷ್ಟು ಪೈಸೆ ಹಾಕಿತು ಅನ್ನೋದರ ಮೇಲೆ ಲಾಸ್."

ಸರಿಯಾದ ಡಬ್ಬಿಗೆ 90 ಪೈಸೆ ಹಾಕಿದ್ದರೆ ಲಾಸ್ ಸುಮಾರು 0.1. 50 ಪೈಸೆ ಹಾಕಿದ್ದರೆ 0.69. ಏನೂ ಗೊತ್ತಿಲ್ಲದೆ ನಾಲ್ಕಕ್ಕೂ ಸಮನಾಗಿ 25 ಪೈಸೆ ಹಂಚಿದರೆ 1.39. ಬೇರೆ ಡಬ್ಬಿಗೆ 99 ಪೈಸೆ ಸುರಿದು ಸರಿಯಾದದ್ದಕ್ಕೆ ಒಂದೇ ಪೈಸೆ ಬಿಟ್ಟಿದ್ದರೆ 4.6. ಅಂದರೆ ಅನುಮಾನದಿಂದ ತಪ್ಪಿದರೆ ಸಣ್ಣ ದಂಡ, ಜಂಬದಿಂದ ತಪ್ಪಿದರೆ ಭಾರಿ ದಂಡ. ಎಲ್ಲ ಫೋಟೊಗಳ ದಂಡ ಕೂಡಿಸಿ ಸರಾಸರಿ ತೆಗೆದರೆ ಆ ಸುತ್ತಿನ ಲಾಸ್ ಬರುತ್ತದೆ. ಕಲಿಯುವ 480ರ ಸರಾಸರಿ ನೀಲಿ ಗೆರೆ, ಬಚ್ಚಿಟ್ಟ 120ರ ಸರಾಸರಿ ಕಿತ್ತಳೆ ಗೆರೆ.

ಇದು ತಿಳಿದ ಮೇಲೆ ಅವಳ ಸ್ಕ್ರೀನಿನಲ್ಲಿದ್ದ ಸಾಲುಗಳು ನಮಗೂ ಓದಲು ಬಂದವು. ಮೂರು ಸುತ್ತುಗಳದು ಮಾತ್ರ ಇಲ್ಲಿ ಕೊಡುತ್ತೇವೆ. `loss` ಅಂದರೆ ನೀಲಿ, `val_loss` ಅಂದರೆ ಕಿತ್ತಳೆ.

```
Epoch 1/40   loss: 1.31 - val_loss: 1.28
Epoch 12/40  loss: 0.33 - val_loss: 0.58
Epoch 40/40  loss: 0.06 - val_loss: 1.24
```

ಮೊದಲ ಸುತ್ತಿನಲ್ಲಿ ಎರಡೂ 1.39ರ ಹತ್ತಿರ ಇವೆ, ಯಂತ್ರ ಇನ್ನೂ ಕಣ್ಣುಮುಚ್ಚಿ ಹಂಚುತ್ತಿದೆ. ಅಲ್ಲಿಂದ ಹನ್ನೆರಡನೇ ಸುತ್ತಿನವರೆಗೆ ಎರಡೂ ಇಳಿದಿವೆ. ನೀಲಿ ಸ್ವಲ್ಪ ಬೇಗ, ಕಿತ್ತಳೆ ಸ್ವಲ್ಪ ನಿಧಾನ. ಇಷ್ಟು ಅಂತರ ಇದ್ದೇ ಇರುತ್ತದೆ, ಪಾಠ ಮಾಡಿದ್ದು ಹೊಸದಕ್ಕಿಂತ ಸುಲಭ ತಾನೆ. ಹನ್ನೆರಡರ ನಂತರ ದಾರಿ ಬೇರೆಯಾಗುತ್ತದೆ. ನೀಲಿ ಇಳಿಯುತ್ತಲೇ ಹೋಗಿದೆ, ಕಿತ್ತಳೆ ತಿರುಗಿ ಹತ್ತಲು ಶುರುಮಾಡಿದೆ. ನಲವತ್ತನೇ ಸುತ್ತಿಗೆ ಕಿತ್ತಳೆ 1.24ಕ್ಕೆ ಬಂದಿದೆ, ಅಂದರೆ ಕಣ್ಣುಮುಚ್ಚಿ ಹಂಚಿದ್ದಕ್ಕಿಂತ ಕೊಂಚ ವಾಸಿ ಅಷ್ಟೇ.

ಹನ್ನೆರಡರವರೆಗೆ ಯಂತ್ರ ಚುಕ್ಕೆಯ ಬಣ್ಣ, ಅಂಚು, ಉಂಗುರ ಇಂಥದ್ದನ್ನು ಕಲಿಯುತ್ತಿತ್ತು, ಅದು ಹೊಸ ಎಲೆಗೂ ನಡೆಯುತ್ತದೆ. ಆಮೇಲೆ ಕಲಿಯಲು ಹೊಸದೇನೂ ಉಳಿಯಲಿಲ್ಲ, ಆದರೆ ಲಾಸ್ ಇನ್ನೂ ಇಳಿಸು ಅನ್ನುವ ಒತ್ತಾಯ ಉಳಿದಿತ್ತು. ಲಕ್ಷಗಟ್ಟಲೆ ತಿರುಪುಗಳಿರುವ ಯಂತ್ರಕ್ಕೆ 480 ಫೋಟೊ ಉರು ಹೊಡೆಯುವುದು ದೊಡ್ಡ ಕೆಲಸವಲ್ಲ. ಮೂಲೆಯಲ್ಲಿ ಬೆರಳಿನ ನೆರಳಿದ್ದ ಫೋಟೊ ಅಂಗಮಾರಿ, ತುದಿ ಹರಿದ ಎಲೆ ಮುದುರು ರೋಗ, ಹೀಗೆ ಒಂದೊಂದೇ ಫೋಟೊದ ಗುರುತು ಹಿಡಿಯತೊಡಗಿತು. ಓವರ್‌ಫಿಟ್ಟಿಂಗ್ ಅನ್ನುವುದು ಇದಕ್ಕೇ. ದರ್ಜಿ ಅಳತೆ ತೆಗೆಯುವ ದಿನ ನಿಮ್ಮ ಜೇಬಿನಲ್ಲಿದ್ದ ಮೊಬೈಲಿನ ಉಬ್ಬಿಗೂ ಸೇರಿಸಿ ಅಂಗಿ ಹೊಲಿದ ಹಾಗೆ.

ನಾವು ಕೇಳಿದೆವು, "ಹಾಗಾದ್ರೆ ಶೇ 98 ಎಲ್ಲಿಂದ ಬಂತಮ್ಮಾ?" ಅವಳು ತಲೆ ತಗ್ಗಿಸಿ ತೋರಿಸಿದಳು. ಅದು ಕೊನೆಯ ಸುತ್ತಿನಲ್ಲಿ 480 ಫೋಟೊಗಳ ಮೇಲೆ ಬಂದ ಅಂಕ, ಪಾಠ ಮಾಡಿದ ಲೆಕ್ಕವನ್ನೇ ಮತ್ತೆ ಕೇಳಿದ್ದು. ಬಚ್ಚಿಟ್ಟ 120ರಲ್ಲಿ ಸರಿಯಾದದ್ದು 96, ಅಂದರೆ ಶೇ 80. ಪೋಸ್ಟರಿಗೆ ದೊಡ್ಡ ಅಂಕೆ ಹೋಯಿತು, ಅಲ್ಲಿಂದ ನಮ್ಮ ತಲೆಬರಹಕ್ಕೆ ಬಂತು. ಅವರನ್ನು ಯಾವ ಫೋಟೊಗಳ ಮೇಲೆ ಶೇ 98 ಅಂತ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ನಾವು ಕೇಳಲಿಲ್ಲ.

ಇಲ್ಲಿ ನಮಗೆ ಇನ್ನೊಂದು ಗೊಂದಲ ಹುಟ್ಟಿತು. ಹನ್ನೆರಡನೇ ಸುತ್ತಿನಲ್ಲಿ 120ಕ್ಕೆ 95 ಸರಿ. ನಲವತ್ತನೇ ಸುತ್ತಿನಲ್ಲಿ 96 ಸರಿ, ಒಂದು ಹೆಚ್ಚೇ. ಹಾಗಿದ್ದ ಮೇಲೆ ಲಾಸ್ ಎರಡು ಪಟ್ಟು ಏರಿದ್ದು ಹೇಗೆ? ಅವಳ ತಂಡದವರೂ ಇದೇ ಕಾರಣಕ್ಕೆ ಕಿತ್ತಳೆ ಗೆರೆಯನ್ನು ಲೆಕ್ಕಕ್ಕೆ ಇಟ್ಟಿರಲಿಲ್ಲವಂತೆ, ಅಂಕ ಕಡಿಮೆಯಾಗಿಲ್ಲವಲ್ಲ ಅಂತ.

ರೂಪಾಯಿ ಲೆಕ್ಕಕ್ಕೆ ವಾಪಸ್ ಬಂದರೆ ಬಿಡಿಸಬಹುದು. ಹನ್ನೆರಡನೇ ಸುತ್ತಿನಲ್ಲಿ ತಪ್ಪಿದ 25 ಫೋಟೊಗಳ ಸರಾಸರಿ ಲಾಸ್ 1.7. ಅಂದರೆ ತಪ್ಪುವಾಗಲೂ ಸರಿಯಾದ ಡಬ್ಬಿಗೆ ಸುಮಾರು 18 ಪೈಸೆ ಹಾಕಿತ್ತು, ಅನುಮಾನ ಇಟ್ಟುಕೊಂಡಿತ್ತು. ನಲವತ್ತನೇ ಸುತ್ತಿನಲ್ಲಿ ತಪ್ಪಿದ್ದು 24. ಆದರೆ ಅವುಗಳ ಸರಾಸರಿ ಲಾಸ್ ಐದೂವರೆ, ಸರಿಯಾದ ಡಬ್ಬಿಗೆ ಅರ್ಧ ಪೈಸೆಯೂ ಇಲ್ಲ. ಆ 24 ತಪ್ಪುಗಳ ದಂಡವನ್ನೇ 120ಕ್ಕೆ ಹಂಚಿದರೆ 1.1 ಬರುತ್ತದೆ, 1.24ರಲ್ಲಿ ಹೆಚ್ಚಿನ ಪಾಲು ಅದೇ. ತಪ್ಪುಗಳ ಸಂಖ್ಯೆ ಅಷ್ಟೇ ಇದೆ, ತಪ್ಪುವಾಗಿನ ಅಳುಕು ಮಾತ್ರ ಹೋಗಿದೆ. ತಾನು ನೋಡಿದ 480ರಲ್ಲಿ ಪ್ರತಿಯೊಂದಕ್ಕೂ 99 ಪೈಸೆ ಹಾಕಿ ಅಭ್ಯಾಸವಾದ ಯಂತ್ರ, ಗೊತ್ತಿಲ್ಲದ ಎಲೆಗೂ 99 ಪೈಸೆ ಹಾಕುತ್ತದೆ.

ರೈತರು ಕಳಿಸಿದ್ದ ಫೋಟೊ ನಮ್ಮ ವಾಟ್ಸ್ಆ್ಯಪ್‌ನಲ್ಲಿತ್ತು. ಹುಡುಗಿ ಮಾಡೆಲ್ಲನ್ನು ಮೊದಲಿನಿಂದ ಮತ್ತೊಮ್ಮೆ ಓಡಿಸಿದಳು. ಈ ಸಲ ಒಂದೊಂದು ಸುತ್ತಿನ ಪ್ರತಿಯನ್ನೂ ಉಳಿಸಿಕೊಂಡು, ಹನ್ನೆರಡನೇ ಸುತ್ತಿನದಕ್ಕೆ ಆ ಫೋಟೊ ಕೊಟ್ಟಳು. ಅಂಗಮಾರಿಗೆ 46 ಪೈಸೆ, ಬ್ಯಾಕ್ಟೀರಿಯಾ ಚುಕ್ಕೆಗೆ 41. ಉತ್ತರ ಆಗಲೂ ತಪ್ಪೇ. ಆದರೆ 46-41 ಅಂತ ಕಂಡಿದ್ದರೆ ಆ ಹಿರಿಯರು ಪಂಪ್ ಹೆಗಲಿಗೇರಿಸುವ ಮೊದಲು ಇನ್ನೊಬ್ಬರನ್ನು ಕೇಳುತ್ತಿದ್ದರು. ನಾವು ಮೂವತ್ತು ಕಿಲೋಮೀಟರ್ ಬೈಕ್ ಓಡಿಸಿ ವಾಪಸ್ ಬರುವಾಗ ತಲೆಯಲ್ಲಿ ಅದೊಂದೇ ಇತ್ತು.

ಕಿತ್ತಳೆ ಗೆರೆ ಅತಿ ಕೆಳಗಿದ್ದ ಸುತ್ತಿನಲ್ಲೇ ನಿಲ್ಲಿಸಿ ಆ ಪ್ರತಿಯನ್ನು ಇಟ್ಟುಕೊಳ್ಳುವುದು ಸುಲಭದ ಮದ್ದು. ಅವಳು ಬಳಸುವ ಕೆರಾಸ್ ಅನ್ನುವ ಸಾಧನದಲ್ಲಿ ಅದಕ್ಕೆ ಒಂದೇ ಸಾಲು:

```python
EarlyStopping(monitor="val_loss", patience=5, restore_best_weights=True)
```

ಇಲ್ಲಿ `patience=5` ಅಂದರೆ ಐದು ಸುತ್ತು ಕಾದು ನೋಡು ಅಂತ. ಕಾಯಬೇಕಾದ್ದು ಯಾಕೆಂದರೆ ಕಿತ್ತಳೆ ಗೆರೆ ನೇರವಾಗಿ ನಡೆಯುವುದಿಲ್ಲ, ಕುಂಟುತ್ತದೆ. 120 ಫೋಟೊ ಮಾತ್ರ ಇರುವಾಗ ಒಂದೇ ಒಂದು ಜಂಬದ ತಪ್ಪು ಸರಾಸರಿಯನ್ನು 0.04ರಷ್ಟು ಎತ್ತಿಬಿಡುತ್ತದೆ. ಒಂದು ಸುತ್ತಿನಲ್ಲಿ ಏರಿದ ಮಾತ್ರಕ್ಕೆ ಗಾಬರಿಯಾಗಬಾರದು, ಐದಾರು ಸುತ್ತು ಒಂದೇ ದಿಕ್ಕಿಗೆ ಹೋದರೆ ಮಾತ್ರ ಅದು ಸುದ್ದಿ. ಹಾಗೆಯೇ ಮೊದಲ ಸಾಲಿನಲ್ಲಿ ಕಿತ್ತಳೆ ನೀಲಿಗಿಂತ ಕೆಳಗಿದೆ ನೋಡಿ, 1.31ಕ್ಕೆ 1.28. ನಮಗೆ ಅದೂ ವಿಚಿತ್ರ ಅನ್ನಿಸಿತ್ತು. ನೀಲಿ ಅಂಕೆ ಸುತ್ತಿನುದ್ದಕ್ಕೂ ಕಲಿಯುತ್ತಿರುವಾಗಿನ ಸರಾಸರಿ, ಕಿತ್ತಳೆ ಸುತ್ತು ಮುಗಿದ ಮೇಲೆ ತೆಗೆದದ್ದು. ಬೆಳಗ್ಗೆಯಿಂದ ಸಂಜೆವರೆಗಿನ ಸರಾಸರಿಗೂ ಸಂಜೆಯ ಅಂಕೆಗೂ ಇರುವ ವ್ಯತ್ಯಾಸ ಅದು, ತೊಂದರೆ ಇಲ್ಲ.

ಕಥೆ ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆವು. ಹನ್ನೆರಡಕ್ಕೆ ನಿಲ್ಲಿಸಿದರೆ ಶೇ 79 ಅಂತ ತಿದ್ದುಪಡಿ ಬರೆಯೋಣ ಅಂತಲೂ ಇದ್ದೆವು. ಎರಡನೇ ಮಧ್ಯಾಹ್ನ ಸುಮ್ಮನೆ ಫೋಟೊಗಳನ್ನು ನೋಡುತ್ತಾ ಕೂತಿದ್ದಾಗ ಒಂದೇ ಎಲೆ ಮತ್ತೆ ಮತ್ತೆ ಬರುತ್ತಿರುವುದು ಕಂಡಿತು. ಕೇಳಿದರೆ, 600 ಫೋಟೊ ಅಂದರೆ 600 ಎಲೆ ಅಲ್ಲ, 150 ಎಲೆ. ಒಂದೊಂದನ್ನೂ ನಾಲ್ಕು ಕೋನದಿಂದ ಹೊಡೆದದ್ದು. ಆಮೇಲೆ ಎಲ್ಲವನ್ನೂ ಇಸ್ಪೀಟಿನ ಹಾಗೆ ಕಲಸಿ 480, 120 ಅಂತ ಪಾಲು ಮಾಡಿದ್ದರು. ಅಂದರೆ ಬಚ್ಚಿಟ್ಟ ಹೆಚ್ಚಿನ ಫೋಟೊಗಳ ಅಣ್ಣತಮ್ಮಂದಿರನ್ನು ಯಂತ್ರ ಆಗಲೇ ನೋಡಿತ್ತು. ಪೂರ್ವಸಿದ್ಧತಾ ಪರೀಕ್ಷೆಯ ಪೇಪರ್ ಅರ್ಧ ಸೋರಿತ್ತು. ಆ ಕಿತ್ತಳೆ ಗೆರೆಯೂ ನಮಗೆ ನಿಜಕ್ಕಿಂತ ಒಳ್ಳೆಯ ಸುದ್ದಿಯನ್ನೇ ಹೇಳುತ್ತಿತ್ತು.

ಅವಳು ತಕ್ಷಣ ಪಾಲು ಬದಲಾಯಿಸಿದಳು. ಕಲಸದೆ, ನಾಲ್ಕು ತೋಟದ ಫೋಟೊ ಕಲಿಯಲು, ಐದನೇ ತೋಟ ಪೂರ್ತಿಯಾಗಿ ಬಚ್ಚಿಡಲು. ಯಂತ್ರ ಅದೇ, ಫೋಟೊ ಅಷ್ಟೇ. ಈ ಸಲ ಕಿತ್ತಳೆ ಗೆರೆ ಆರನೇ ಸುತ್ತಿಗೇ ತಿರುಗಿತು, 0.94ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. 120ರಲ್ಲಿ 73 ಸರಿ, ಶೇ 61. ಶೇ 98 ಅಂತ ಊರಿಗೆಲ್ಲ ಸಾರಿದ್ದು ಬೇರೆಯವರ ತೋಟಕ್ಕೆ ಹೋದರೆ ಶೇ 61.

ಇದು ನಮ್ಮ ಕಡೆಯ ಕಾಲೇಜು ಮಕ್ಕಳಿಗೆ ಮಾತ್ರ ಆಗುವುದಲ್ಲ. ಅವಳು ತೋರಿಸಿದ ಒಂದು ಪ್ರಬಂಧ 2016ರದು, ಶರದ ಮೊಹಾಂತಿ, ಡೇವಿಡ್ ಹ್ಯೂಸ್, ಮಾರ್ಸೆಲ್ ಸಲಾಥೆ ಬರೆದದ್ದು. ಪ್ಲಾಂಟ್‌ವಿಲೇಜ್ ಅನ್ನುವ ಸಂಗ್ರಹದ 54,306 ಎಲೆ ಫೋಟೊ, 38 ಗುಂಪು. ಒಂದೇ ಎಲೆಯ ಫೋಟೊಗಳು ಎರಡೂ ಪಾಲಿಗೆ ಹೋಗದ ಹಾಗೆ ಅವರು ಎಚ್ಚರ ವಹಿಸಿದ್ದರು. ಬಚ್ಚಿಟ್ಟ ಪಾಲಿನ ಮೇಲೆ ಶೇ 99.35 ಬಂತು. ಬೇರೆ ಕಡೆಯಿಂದ, ಬೇರೆ ಪರಿಸ್ಥಿತಿಯಲ್ಲಿ ತೆಗೆದ ಫೋಟೊ ಕೊಟ್ಟಾಗ ಶೇ 31ರ ಆಸುಪಾಸಿಗೆ ಬಿತ್ತು. ಅದನ್ನು ಅವರೇ ಮುಚ್ಚಿಡದೆ ಬರೆದಿದ್ದಾರೆ. 2022ರಲ್ಲಿ ಇನ್ನೊಂದು ತಂಡ ಅದೇ ಸಂಗ್ರಹದ ಫೋಟೊಗಳಿಂದ ಎಲೆಯನ್ನೇ ಬಿಟ್ಟು, ಹಿನ್ನೆಲೆಯ ಎಂಟು ಚುಕ್ಕಿಗಳನ್ನು ಮಾತ್ರ ತೆಗೆದು ಯಂತ್ರಕ್ಕೆ ಕಲಿಸಿತು. 38 ಗುಂಪಿನಲ್ಲಿ ಕಣ್ಣುಮುಚ್ಚಿ ಹೇಳಿದರೆ ಶೇ 2.6 ಬರಬೇಕು, ಅದಕ್ಕೆ ಬಂದದ್ದು ಶೇ 49. ಒಂದೊಂದು ರೋಗದ ಎಲೆಗಳನ್ನು ಒಂದೊಂದು ರೀತಿಯ ಬೆಳಕಿನಲ್ಲಿ, ಹಿನ್ನೆಲೆಯಲ್ಲಿ ತೆಗೆದಿದ್ದರೆ ಯಂತ್ರ ಎಲೆ ನೋಡುವ ಕಷ್ಟ ಯಾಕೆ ಪಡುತ್ತದೆ?

ಇಂಥ ಕಡೆ ಎರಡು ಗೆರೆ ಬೇರೆಯಾಗುವುದೇ ಇಲ್ಲ, ಅದೇ ಕಷ್ಟ. ಹಿನ್ನೆಲೆಯ ಗುರುತು ಎರಡೂ ಪಾಲಿನಲ್ಲಿ ಇರುವುದರಿಂದ ಉರು ಹೊಡೆದದ್ದು ಎರಡೂ ಕಡೆ ಕೆಲಸಕ್ಕೆ ಬರುತ್ತದೆ, ಗೆರೆಗಳು ಅಂಟಿಕೊಂಡೇ ಇಳಿಯುತ್ತವೆ. ನಮ್ಮ ಹುಡುಗಿಯ ಫೋಟೊಗಳಲ್ಲೂ ಅಂಗಮಾರಿಯ ಎಲೆಗಳು ಬಹುತೇಕ ಸಿಮೆಂಟ್ ನೆಲದ ಮೇಲಿದ್ದವು. ಆ ಹಿರಿಯರೂ ಎಲೆ ಕಿತ್ತು ತಂದು ಮನೆ ಮುಂದಿನ ಸಿಮೆಂಟ್ ಜಗಲಿ ಮೇಲಿಟ್ಟೇ ಫೋಟೊ ಹೊಡೆದಿದ್ದರು. ಅದೇ ಕಾರಣ ಅಂತ ಖಡಾಖಂಡಿತ ಹೇಳಲಾರೆವು, ಆದರೆ ಅದನ್ನು ಕಂಡಾಗ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮುಂದಿನ ಎರಡು ತಿಂಗಳು ಅವಳು ಮಾಡಿದ್ದು ಇಷ್ಟು. ಇನ್ನೂ ಏಳು ತೋಟಕ್ಕೆ ಹೋಗಿ ಎಲೆಯನ್ನು ಕೀಳದೆ ಗಿಡದಲ್ಲೇ ಫೋಟೊ ತೆಗೆದಳು. ಅದೇ ತೋಟದ ಇನ್ನೂ ಸಾವಿರ ಫೋಟೊಗಿಂತ ಹೊಸ ತೋಟದ ನಲವತ್ತು ಫೋಟೊ ಹೆಚ್ಚು ಕೆಲಸ ಮಾಡಿತು ಅನ್ನುತ್ತಾಳೆ. ಯಂತ್ರದ ಎಲ್ಲ ತಿರುಪುಗಳನ್ನೂ ತಿರುಗಿಸುವುದು ಬಿಟ್ಟು, ಲಕ್ಷಾಂತರ ಬೇರೆ ಚಿತ್ರಗಳ ಮೇಲೆ ಮೊದಲೇ ಕಲಿತ ಮಾಡೆಲ್ ತಂದು ಅದರ ಕೊನೆಯ ಪದರ ಮಾತ್ರ ಕಲಿಸಿದಳು. ತಿರುಪು ಕಡಿಮೆಯಾದರೆ ಉರು ಹೊಡೆಯುವ ಜಾಗವೂ ಕಡಿಮೆ. ಪ್ರತಿ ಸುತ್ತಿನಲ್ಲೂ ಫೋಟೊವನ್ನು ಕೊಂಚ ತಿರುಗಿಸಿ, ಬೆಳಕು ಏರಿಳಿಸಿ ಕೊಟ್ಟಳು. ಹೊಸ ಗ್ರಾಫಿನಲ್ಲಿ ನೀಲಿ 0.44ಕ್ಕೆ ನಿಂತಿತು, ಕಿತ್ತಳೆ 0.66ಕ್ಕೆ. ನೀಲಿ ಮೊದಲಿನಷ್ಟು ಕೆಳಗಿಲ್ಲ, ಅದು ಸೋಲಲ್ಲ. ಉರು ಹೊಡೆಯುವುದನ್ನು ತಡೆದರೆ ಪಾಠದ ಲೆಕ್ಕದಲ್ಲೂ ಅಂಕ ಸ್ವಲ್ಪ ಇಳಿಯಲೇಬೇಕು. ಎರಡೂ ಮೇಲೆಯೇ ನಿಂತುಬಿಟ್ಟಿದ್ದರೆ ಯಂತ್ರ ಕಲಿತೇ ಇಲ್ಲ ಅಂತ ಅರ್ಥವಾಗುತ್ತಿತ್ತು, ಇಲ್ಲಿ ಹಾಗಾಗಿರಲಿಲ್ಲ.

ಒಂದು ಸಂಶಯ ಉಳಿದಿತ್ತು. ಕಿತ್ತಳೆ ಗೆರೆ ನೋಡಿ ನೋಡಿ ಇಪ್ಪತ್ತು ಸಲ ಬದಲಾವಣೆ ಮಾಡಿದರೆ, ಯಂತ್ರ ಉರು ಹೊಡೆಯದಿದ್ದರೂ ನಾವು ಉರು ಹೊಡೆದಿರುತ್ತೇವೆ. ಆ ಬಚ್ಚಿಟ್ಟ ತೋಟಗಳಿಗೆ ಒಗ್ಗುವ ಬದಲಾವಣೆಯನ್ನೇ ಆರಿಸಿಕೊಂಡಿರುತ್ತೇವೆ. ಅದಕ್ಕೆ ಯಾರೂ ಮುಟ್ಟದ ಇನ್ನೊಂದು ತೋಟ ಬೇಕಿತ್ತು, ಕೊನೆಗೆ ಒಂದೇ ಸಲ ನೋಡಲು. ನಾವು ಆ ಹಿರಿಯರನ್ನೇ ಕೇಳಿದೆವು. ಬೈದು ಕಳಿಸುತ್ತಾರೆ ಅಂದುಕೊಂಡಿದ್ದೆವು. "ನನ್ ತೋಟದ ಫೋಟೊ ಅದಕ್ಕೆ ಮೊದ್ಲೇ ತೋರಿಸ್ಬೇಡಿ ಅಷ್ಟೇ ತಾನೆ? ಬರ್ರಿ, ಕಾಫಿ ಕುಡಿದು ಹೋಗ್ರಿ" ಅಂದರು.

ಅವರ ತೋಟದ 80 ಫೋಟೊದಲ್ಲಿ 58 ಸರಿಯಾದವು, ಶೇ 72ರ ಮೇಲೆ ಕೊಂಚ. ತಪ್ಪಿದ 22ರಲ್ಲಿ ಹದಿನೇಳಕ್ಕೆ ಯಾವ ಡಬ್ಬಿಗೂ 60 ಪೈಸೆ ದಾಟಿರಲಿಲ್ಲ. ಈಗ 60 ದಾಟದಿದ್ದರೆ ಆ್ಯಪ್ ರೋಗದ ಹೆಸರು ಹೇಳುವುದಿಲ್ಲ, 'ಗೊತ್ತಾಗುತ್ತಿಲ್ಲ, ಎಲೆಯನ್ನು ಕೆವಿಕೆಗೆ ತೋರಿಸಿ' ಅನ್ನುತ್ತದೆ. ಉಳಿದ ಐದರಲ್ಲಿ ಅದು ಇನ್ನೂ ಜಂಬದಿಂದಲೇ ತಪ್ಪುತ್ತಿದೆ. ಐದೂ ಒಂದೇ ಸಾಲಿನ ಗಿಡಗಳ ಫೋಟೊ, ಎಲೆ ಮೇಲೆ ಔಷಧಿಯ ಬಿಳಿ ಕಲೆ ಉಳಿದಿದ್ದವು. ಅಂಥ ಎಲೆ ಅದು ಮೊದಲು ನೋಡಿರಲಿಲ್ಲ.

ತಿದ್ದುಪಡಿ ಬರೆದು ಡೆಸ್ಕಿಗೆ ಕಳಿಸಿದೆವು. ಶೇ 98ರಿಂದ ಶೇ 72 ಅನ್ನುವುದು ಸುದ್ದಿಯಲ್ಲ ಅಂದರು. ಅದಕ್ಕೇ ಇಲ್ಲಿ ಬರೆದಿದ್ದೇವೆ, ಆ ಹಳೆಯ ಫೋಟೊ ಸಮೇತ. ಈ ಸಲ ವಿದ್ಯಾರ್ಥಿಗಳನ್ನು ಕತ್ತರಿಸಿ ಪೋಸ್ಟರ್ ಮಾತ್ರ ದೊಡ್ಡದು ಮಾಡಿ ಹಾಕಿದ್ದೇವೆ. ಕಿತ್ತಳೆ ಗೆರೆ ತಿರುಗುವ ಜಾಗ ಬಲಗಡೆಯ ಹುಡುಗನ ಭುಜದ ಹತ್ತಿರ ಇತ್ತು.